ಚೌಕಡಿ ಸೀರೆಯ ಫೋಟೋದಲ್ಲಿ ಕಲೆ ತೆಗೆಯುವ ಬಗೆ: ಕ್ಲೋನ್ ಸ್ಟ್ಯಾಂಪ್ ಎಲ್ಲಿ, ಹೀಲಿಂಗ್ ಬ್ರಷ್ ಎಲ್ಲಿ?

ಫೋಟೋಶಾಪ್ ಬಳಸುವವರಲ್ಲಿ ಒಂದು ಮಾತು ರೂಢಿಯಲ್ಲಿದೆ: ವಿನ್ಯಾಸವಿರುವ ಬಟ್ಟೆಗೆ ಕ್ಲೋನ್ ಸ್ಟ್ಯಾಂಪ್, ವಿನ್ಯಾಸವಿಲ್ಲದ ಬಟ್ಟೆಗೆ ಹೀಲಿಂಗ್ ಬ್ರಷ್. ಈ ಮಾತು ಅರ್ಧ ಮಾತ್ರ ನಿಜ. ಚೌಕಡಿ ಸೀರೆಯ ನಡುಭಾಗದಲ್ಲಿ ಬಿದ್ದ ಕಲೆಯನ್ನು ಹೀಲಿಂಗ್ ಬ್ರಷ್ ಹಲವು ಬಾರಿ ಕ್ಲೋನ್ ಸ್ಟ್ಯಾಂಪ್‌ಗಿಂತ ಚೆನ್ನಾಗಿ ತೆಗೆಯುತ್ತದೆ. ಅದೇ ಸೀರೆಯ ದಡಿಯ ಪಕ್ಕದಲ್ಲಿ ಅದೇ ಬ್ರಷ್ ಎಲ್ಲವನ್ನೂ ಕೆಡಿಸುತ್ತದೆ. ಆಯ್ಕೆಯನ್ನು ನಿಜವಾಗಿ ನಿರ್ಧರಿಸುವುದು ಬಟ್ಟೆಯ ವಿನ್ಯಾಸವಲ್ಲ, ಕಲೆಯ ಸುತ್ತಲಿನ ಅಂಚು. ಅದು ಏಕೆಂಬುದನ್ನು ಮೊದಲು ನೋಡಿ, ನಂತರ ಒಂದು ಇಳಕಲ್ ಸೀರೆಯ ಫೋಟೋದ ಮೇಲೆ ಹಂತ ಹಂತವಾಗಿ ಕೆಲಸ ಮಾಡೋಣ.

ಎರಡು ಸಾಧನಗಳು ಒಳಗೆ ಮಾಡುವ ಕೆಲಸ

ಕ್ಲೋನ್ ಸ್ಟ್ಯಾಂಪ್ ನೀವು ತೋರಿಸಿದ ಜಾಗದ ಪಿಕ್ಸೆಲ್‌ಗಳನ್ನು ಇದ್ದಂತೆಯೇ ಎತ್ತಿ ಇನ್ನೊಂದು ಜಾಗಕ್ಕೆ ಹಾಕುತ್ತದೆ. ಗೆರೆ, ಬಣ್ಣ, ಬೆಳಕು, ನೆರಳು ಯಾವುದನ್ನೂ ಅದು ಬದಲಿಸುವುದಿಲ್ಲ. ಆದುದರಿಂದ ಮೂಲ ಜಾಗದಲ್ಲಿ ಬೆಳಕು ಹೆಚ್ಚಿದ್ದರೆ, ಕಲೆಯಿದ್ದ ಜಾಗದಲ್ಲಿ ತೇಪೆ ಹಾಕಿದಂತೆ ಬೆಳ್ಳಗಿನ ತುಂಡೊಂದು ಎದ್ದು ಕಾಣುತ್ತದೆ.

ಹೀಲಿಂಗ್ ಬ್ರಷ್ ಕೂಡ ನೀವು ತೋರಿಸಿದ ಜಾಗದಿಂದಲೇ ನೇಯ್ಗೆಯ ವಿವರವನ್ನು ತರುತ್ತದೆ. ಆದರೆ ಅಷ್ಟಕ್ಕೇ ನಿಲ್ಲದೆ ಅದು ಇನ್ನೊಂದು ಲೆಕ್ಕವನ್ನೂ ಹಾಕುತ್ತದೆ. ನೀವು ಬಳಿದ ಭಾಗದ ಹೊರ ಅಂಚಿನಲ್ಲಿ ಯಾವ ಬಣ್ಣ, ಎಷ್ಟು ಬೆಳಕು ಇದೆಯೆಂದು ನೋಡಿ, ತಂದ ವಿವರವನ್ನು ಆ ಅಂಚಿಗೆ ಹೊಂದುವಂತೆ ಒಳಗೆಲ್ಲ ಸರಿಪಡಿಸುತ್ತದೆ. ಗೆರೆಗಳು ಮೂಲ ಜಾಗದವು, ಬಣ್ಣ ಮತ್ತು ಬೆಳಕಿನ ಮಟ್ಟ ಅಂಚಿನವು.

ಇಲ್ಲಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಅಂಚಿನ ಸುತ್ತ ಕಲೆಯಿಲ್ಲದ, ಒಂದೇ ಬಗೆಯ ಬಟ್ಟೆ ಇದ್ದರೆ ಹೀಲಿಂಗ್ ಬ್ರಷ್ ಬೆಳಕಿನ ಏರಿಳಿತವನ್ನು ತಾನಾಗಿಯೇ ಸರಿದೂಗಿಸುತ್ತದೆ; ಆ ಕೆಲಸ ಕ್ಲೋನ್ ಸ್ಟ್ಯಾಂಪ್‌ನಿಂದ ಆಗದು. ಆದರೆ ಅಂಚಿನ ಒಂದು ಕಡೆ ಕಲೆಯೇ ಇದ್ದರೆ, ಅಥವಾ ಅಲ್ಲಿ ಹಸಿರು ಒಡಲು ಮುಗಿದು ಕೆಂಪು ದಡಿ ಶುರುವಾಗಿದ್ದರೆ, ಅದು ಕಲೆಯ ಬಣ್ಣವನ್ನೋ ದಡಿಯ ಕೆಂಪನ್ನೋ ಸರಿಯಾದ ಬಣ್ಣವೆಂದು ತಿಳಿದು ಒಳಕ್ಕೆ ಎಳೆದು ಹರಡುತ್ತದೆ. ಹೊಸಬರು ಕಲೆಯ ಒಳಗೇ ಸಣ್ಣ ಬ್ರಷ್‌ನಿಂದ ಚುಕ್ಕೆ ಚುಕ್ಕೆಯಾಗಿ ಬಳಿಯುತ್ತ ಹೋದಾಗ ಕಲೆ ಹೋಗದೆ ಮಸುಕಾದ ಕೊಳೆಯಾಗಿ ಉಳಿಯುವುದಕ್ಕೆ ಕಾರಣ ಇದೇ: ಪ್ರತಿ ಚುಕ್ಕೆಯ ಅಂಚೂ ಕಲೆಯ ಮೇಲೆಯೇ ಇರುತ್ತದೆ.

ಗೆರೆಗಳು ಒಂದಕ್ಕೊಂದು ಕೂಡಬೇಕೆಂಬ ಷರತ್ತು ಎರಡು ಸಾಧನಗಳಿಗೂ ಸಮಾನ. ಚೌಕಡಿ ತಪ್ಪಿದ ಮೂಲವನ್ನು ಕೊಟ್ಟರೆ ಹೀಲಿಂಗ್ ಬ್ರಷ್ ಅದನ್ನು ತಿದ್ದುವುದಿಲ್ಲ. ಸ್ಪಾಟ್ ಹೀಲಿಂಗ್ ಬ್ರಷ್ ಮೂಲವನ್ನು ತಾನೇ ಹುಡುಕಿಕೊಳ್ಳುತ್ತದೆ, ಆ ಹುಡುಕಾಟ ಚೌಕಡಿಯ ಅಳತೆಗೆ ಸರಿಯಾಗಿ ಬಂದೇ ಬರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ಅದನ್ನು ದೂರವಿಡುವುದು ಒಳ್ಳೆಯದು.

ನಮ್ಮ ಮುಂದಿರುವ ಫೋಟೋ

ಒಬ್ಬ ಮಹಿಳೆ ಕುರ್ಚಿಯ ಮೇಲೆ ಕುಳಿತಿದ್ದಾರೆ. ಉಟ್ಟಿರುವುದು ಹಸಿರು ಒಡಲಿನ, ಸಣ್ಣ ಚೌಕಡಿಯ, ಕೆಂಪು ದಡಿಯ ಇಳಕಲ್ ಸೀರೆ. ಊಟದ ಹೊತ್ತಿನಲ್ಲಿ ಬಿದ್ದ ಹುಳಿಯ ಕಲೆ ಮಡಿಲಿನ ಮೇಲಿದೆ. ಫೋಟೋ 6000 × 4000 ಪಿಕ್ಸೆಲ್‌ನದು. ಕಲೆ ಸುಮಾರು 210 ಪಿಕ್ಸೆಲ್ ಅಗಲ, 160 ಪಿಕ್ಸೆಲ್ ಎತ್ತರವಿದ್ದು, ಅದರ ಕೆಳತುದಿ 40 ಪಿಕ್ಸೆಲ್‌ನಷ್ಟು ದಡಿಯೊಳಕ್ಕೆ ಇಳಿದಿದೆ. ಕಿಟಕಿ ಎಡಕ್ಕಿರುವುದರಿಂದ ಸೀರೆಯ ಹಸಿರು ಎಡದಿಂದ ಬಲಕ್ಕೆ ಕ್ರಮೇಣ ಗಾಢವಾಗುತ್ತ ಹೋಗುತ್ತದೆ.

ಈ ಒಂದೇ ಕಲೆಯಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಮೇಲ್ಭಾಗದ ಸುತ್ತ ಮೂರು ಕಡೆ ಒಳ್ಳೆಯ ಬಟ್ಟೆ ಇದೆ, ಆದರೆ ಬೆಳಕು ಸಮನಾಗಿಲ್ಲ. ಕೆಳಭಾಗದಲ್ಲಿ ಹಸಿರಿನಿಂದ ಕೆಂಪಿಗೆ ಜಿಗಿಯುವ ಗಟ್ಟಿ ಗೆರೆಯಿದೆ. ಆದುದರಿಂದ ಎರಡೂ ಸಾಧನಗಳು ಬೇಕು, ಅದೂ ಸರಿಯಾದ ಕ್ರಮದಲ್ಲಿ: ಮೊದಲು ದಡಿಯ ಬಳಿ ಕ್ಲೋನ್ ಸ್ಟ್ಯಾಂಪ್‌ನಿಂದ ಸ್ವಚ್ಛವಾದ ಅಂಚೊಂದನ್ನು ಕಟ್ಟಿ, ಆಮೇಲೆ ಒಡಲಿನ ಭಾಗವನ್ನು ಹೀಲಿಂಗ್ ಬ್ರಷ್‌ಗೆ ಒಪ್ಪಿಸಬೇಕು.

ಹಂತ 1: ಕಲೆಯ ಕೆಳಗೆ ನೇಯ್ಗೆ ಉಳಿದಿದೆಯೇ ನೋಡಿ

ಚಿತ್ರವನ್ನು 200% ಹಿಗ್ಗಿಸಿ ಕಲೆಯ ಒಳಗನ್ನು ಗಮನಿಸಿ. ಚಹಾ ಅಥವಾ ನೀರಿನ ಕಲೆಗಳಲ್ಲಿ ಸಾಮಾನ್ಯವಾಗಿ ಚೌಕಡಿಯ ಗೆರೆಗಳು ಪೂರ್ತಿ ಕಾಣುತ್ತಿರುತ್ತವೆ, ಬಣ್ಣ ಮಾತ್ರ ಬದಲಾಗಿರುತ್ತದೆ. ಹಾಗಿದ್ದರೆ ಎರಡೂ ಸಾಧನಗಳನ್ನು ಬದಿಗಿಡಿ. ಇರುವ ನೇಯ್ಗೆಯನ್ನು ಅಳಿಸಿ ಬೇರೆಡೆಯ ನೇಯ್ಗೆಯನ್ನು ತಂದು ಕೂರಿಸುವುದಕ್ಕಿಂತ, ಕಲೆಯ ಆಕಾರದ ಮಾಸ್ಕ್ ಇರುವ ಒಂದು Curves ಪದರದಿಂದ ಬಣ್ಣ ಮತ್ತು ಬೆಳಕನ್ನು ಸುತ್ತಲಿನ ಮಟ್ಟಕ್ಕೆ ತರುವುದು ಹೆಚ್ಚು ಪ್ರಾಮಾಣಿಕವೂ ಹೌದು, ಹೆಚ್ಚು ಸಹಜವೂ ಹೌದು. ಬಣ್ಣವಷ್ಟೇ ಕೆಟ್ಟಿದ್ದು ಬೆಳಕಿನ ಮಟ್ಟ ಸರಿಯಿದ್ದರೆ, Color ಮೋಡ್‌ನಲ್ಲಿರುವ ಹೊಸ ಪದರದ ಮೇಲೆ ಪಕ್ಕದ ಬಟ್ಟೆಯ ಬಣ್ಣವನ್ನು ಮೆತ್ತನೆಯ ಬ್ರಷ್‌ನಿಂದ ಬಳಿದರೂ ಸಾಕು.

ನಮ್ಮ ಕಲೆ ಹುಳಿಯದು. ಅದರ ನಡುವೆ ಬೇಳೆಯ ಗಟ್ಟಿ ಅಂಶವಿದ್ದು ಗೆರೆಗಳು ಪೂರ್ತಿ ಮುಚ್ಚಿಹೋಗಿವೆ. ಆದ್ದರಿಂದ ಮುಂದಿನ ಹಂತಗಳು ಬೇಕೇ ಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಇದು ಮನೆಯವರ ನೆನಪಿಗಾಗಿ ಇಟ್ಟುಕೊಳ್ಳುವ ಚಿತ್ರ, ಆದ್ದರಿಂದ ಕಲೆ ತೆಗೆಯುವುದರಲ್ಲಿ ಅಡ್ಡಿಯಿಲ್ಲ. ಅದೇ ಸೀರೆಯನ್ನು ಮಾರಲು ತೆಗೆದ ಫೋಟೋ ಆಗಿದ್ದು ಕಲೆ ಬಟ್ಟೆಯ ಮೇಲೆ ಈಗಲೂ ಇದ್ದರೆ, ಅದನ್ನು ಅಳಿಸುವುದು ಕೊಳ್ಳುವವರಿಗೆ ಮಾಡುವ ಮೋಸ.

ಹಂತ 2: ಪದರಗಳನ್ನು ಸಿದ್ಧಪಡಿಸಿ

ಮೂಲ ಚಿತ್ರದ ಮೇಲೆ ಎರಡು ಖಾಲಿ ಪದರಗಳನ್ನು ಸೇರಿಸಿ. ಕೆಳಗಿನದು ಕ್ಲೋನ್ ಕೆಲಸಕ್ಕೆ, ಮೇಲಿನದು ಹೀಲಿಂಗ್ ಕೆಲಸಕ್ಕೆ. ಎರಡೂ ಸಾಧನಗಳ ಮೇಲ್ಪಟ್ಟಿಯಲ್ಲಿ Sample ಎಂಬಲ್ಲಿ Current & Below ಆರಿಸಿ, Aligned ಗುರುತನ್ನು ಹಾಕಿ. Aligned ಇದ್ದರೆ ನೀವು ಬ್ರಷ್ ಎತ್ತಿ ಮತ್ತೆ ಇಟ್ಟರೂ ಮೂಲಕ್ಕೂ ಗುರಿಗೂ ನಡುವಿನ ಅಂತರ ಬದಲಾಗುವುದಿಲ್ಲ. ಚೌಕಡಿಯಲ್ಲಿ ಒಮ್ಮೆ ಕೂಡಿಸಿದ ಅಳತೆ ಕೊನೆಯವರೆಗೆ ಉಳಿಯಬೇಕಾದುದರಿಂದ ಇದು ಮುಖ್ಯ. ಕ್ಲೋನ್ ಸ್ಟ್ಯಾಂಪ್‌ನ Opacity ಮತ್ತು Flow ಎರಡೂ 100% ಇರಲಿ. ಮುಖದ ಚರ್ಮ ತಿದ್ದುವಾಗ 30%, 40% ಇಟ್ಟು ನಿಧಾನವಾಗಿ ಬಳಿಯುವ ಅಭ್ಯಾಸ ಹಲವರಿಗೆ ಇರುತ್ತದೆ. ಬಟ್ಟೆಯ ಗೆರೆಗಳ ಮೇಲೆ ಹಾಗೆ ಮಾಡಿದರೆ ಹಳೆಯ ಗೆರೆ ಅರ್ಧ, ಹೊಸ ಗೆರೆ ಅರ್ಧ ಕಂಡು ನೂಲು ಜೋಡಿಯಾಗಿ ಮಸುಕಾಗುತ್ತದೆ.

ಹಂತ 3: ಚೌಕಡಿಯ ಅಳತೆ ತೆಗೆಯಿರಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಗಂಟೆಗಟ್ಟಲೆ ಕಷ್ಟಪಡುತ್ತಾರೆ. ರೂಲರ್ ಸಾಧನದಿಂದ ಕಲೆಯ ಪಕ್ಕದಲ್ಲಿ ಒಂದು ಗೆರೆಯಿಂದ ಹಿಡಿದು ಹತ್ತನೆಯ ಚೌಕ ಮುಗಿಯುವ ಗೆರೆಯವರೆಗೆ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ. ನಮ್ಮ ಚಿತ್ರದಲ್ಲಿ ಅದು 380 ಪಿಕ್ಸೆಲ್, ಎಂದರೆ ಒಂದು ಚೌಕಕ್ಕೆ 38. ಒಂದೇ ಚೌಕವನ್ನು ಅಳೆದರೆ ಒಂದೆರಡು ಪಿಕ್ಸೆಲ್ ತಪ್ಪು ಸುಲಭವಾಗಿ ನುಸುಳುತ್ತದೆ, ಮತ್ತು ಆ ತಪ್ಪು ಚೌಕದಿಂದ ಚೌಕಕ್ಕೆ ಕೂಡುತ್ತ ಬೆಳೆಯುತ್ತದೆ.

ಮೂಲಕ್ಕೂ ಗುರಿಗೂ ನಡುವಿನ ಅಂತರ 38ರ ಪೂರ್ಣ ಮಡಿಯಾಗಿರಬೇಕು. ಯಾವ ದಿಕ್ಕಿಗೆ ಸರಿಯಬೇಕೆಂಬುದೂ ಮುಖ್ಯ. ಮೊಣಕಾಲು ಕ್ಯಾಮೆರಾಕ್ಕೆ ಹತ್ತಿರ, ಸೊಂಟ ದೂರ. ಆದುದರಿಂದ ಮೊಣಕಾಲಿನ ಬಳಿ 38 ಇರುವ ಚೌಕ ಸೊಂಟದ ಕಡೆ ಸಾಗಿದಂತೆ 36, 35 ಆಗುತ್ತದೆ. ಮೂಲವನ್ನು ಮೇಲಿನಿಂದ ತಂದರೆ ಚೌಕಗಳು ಕಿರಿದಾಗಿ ಕೂಡುವುದಿಲ್ಲ. ಅಡ್ಡಲಾಗಿ, ಕ್ಯಾಮೆರಾದಿಂದ ಸರಿಸುಮಾರು ಅಷ್ಟೇ ದೂರದಲ್ಲಿರುವ ಬಟ್ಟೆಯಿಂದ ತಂದರೆ ಕೂಡುತ್ತವೆ.

ಕೈಮಗ್ಗದ ಸೀರೆಗಳಲ್ಲಿ ಇನ್ನೊಂದು ವಿಷಯವಿದೆ. ಹೊಕ್ಕಿನ ಎಳೆಗಳನ್ನು ನೇಕಾರರು ಕೈಯಿಂದ ಬಡಿದು ಕೂರಿಸುವುದರಿಂದ ಸಾಲುಗಳ ನಡುವಿನ ಅಂತರ ಯಂತ್ರದಷ್ಟು ಏಕರೂಪವಾಗಿರುವುದಿಲ್ಲ. ಮೂಲ ಹತ್ತಿರವಿದ್ದಷ್ಟೂ ಒಳ್ಳೆಯದು.

ಹಂತ 4: ದಡಿಯ ಬಳಿ ಕ್ಲೋನ್ ಸ್ಟ್ಯಾಂಪ್

S ಒತ್ತಿ ಕ್ಲೋನ್ ಸ್ಟ್ಯಾಂಪ್ ತೆಗೆದುಕೊಳ್ಳಿ. ಬ್ರಷ್ ಗಾತ್ರ ಒಂದು ಚೌಕಕ್ಕಿಂತ ತುಸು ಹೆಚ್ಚು, ಸುಮಾರು 45 ಪಿಕ್ಸೆಲ್. Hardness 70% ಇರಲಿ. ತೀರ ಮೆತ್ತನೆಯ ಬ್ರಷ್‌ನ ಅಂಚಿನಲ್ಲಿ ಎರಡು ನೇಯ್ಗೆಗಳು ಬೆರೆತು ನೂಲಿನ ಚೂಪು ಹೋಗುತ್ತದೆ, ತೀರ ಗಟ್ಟಿಯಾದರೆ ಕತ್ತರಿಸಿ ಅಂಟಿಸಿದ ಗುರುತು ಉಳಿಯುತ್ತದೆ.

ಈಗ ದಡಿಯ ಮೇಲಂಚನ್ನೇ ಹಿಡಿದು ಎಡಕ್ಕೆ ಸಾಗಿ, ಕಲೆಯಿಂದಾಚೆ ಒಂದು ಉದ್ದ ಗೆರೆ ದಡಿಯನ್ನು ಮುಟ್ಟುವ ನಿಖರ ಬಿಂದುವನ್ನು ಹುಡುಕಿ, Alt ಹಿಡಿದು ಅಲ್ಲಿ ಕ್ಲಿಕ್ ಮಾಡಿ (ಮ್ಯಾಕ್‌ನಲ್ಲಿ Option). ನಂತರ ಕಲೆಯ ಎಡ ತುದಿಯಲ್ಲಿ ಅದೇ ಬಗೆಯ ಬಿಂದುವಿನ ಮೇಲೆ ಬ್ರಷ್ ತನ್ನಿ. ಬ್ರಷ್‌ನ ವೃತ್ತದೊಳಗೆ ಮೂಲದ ಮುನ್ನೋಟ ಕಾಣುತ್ತದೆ. ಅದರಲ್ಲಿನ ಹಸಿರು–ಕೆಂಪು ಗೆರೆ ಕೆಳಗಿನ ಬಟ್ಟೆಯ ಹಸಿರು–ಕೆಂಪು ಗೆರೆಯ ಮೇಲೆ ಸರಿಯಾಗಿ ಕೂತ ಮೇಲೆಯೇ ಒತ್ತಬೇಕು. ದಡಿ ತುಸು ಓರೆಯಾಗಿ ಸಾಗುತ್ತಿದ್ದರೂ ಚಿಂತೆಯಿಲ್ಲ. ಮೂಲವೂ ಗುರಿಯೂ ಅದೇ ಓರೆಯ ಮೇಲಿರುತ್ತವೆ. ದಡಿಯೊಳಗಿನ ಸಣ್ಣ ವಿನ್ಯಾಸಕ್ಕೂ ತನ್ನದೇ ಪುನರಾವರ್ತನೆಯ ಅಳತೆಯಿರುತ್ತದೆ, ಮತ್ತು ಅದು ಒಡಲಿನ 38ಕ್ಕೆ ಹೊಂದಲೇಬೇಕೆಂದಿಲ್ಲ. ಹೊಂದದಿದ್ದರೆ ಎರಡು ಸಲ ಕೆಲಸ ಮಾಡಬೇಕು: ಮೊದಲು ದಡಿಯನ್ನು ಆಯ್ಕೆ ಮಾಡಿಕೊಂಡು ದಡಿಯ ಅಳತೆಯಲ್ಲಿ, ಆಮೇಲೆ Select → Inverse ಮೂಲಕ ಆಯ್ಕೆಯನ್ನು ಅದಲು ಬದಲು ಮಾಡಿ ಒಡಲಿನ ಅಳತೆಯಲ್ಲಿ.

ಹೀಗೆ ಎಡದಿಂದ ಬಲಕ್ಕೆ ದಡಿಯಲ್ಲಿನ ಕಲೆಯನ್ನು ಮುಚ್ಚುತ್ತ, ದಡಿಯ ಮೇಲೆ ಹಸಿರಿನಲ್ಲಿ ಸುಮಾರು ಒಂದೂವರೆ ಚೌಕದಷ್ಟು ಎತ್ತರಕ್ಕೆ ಬನ್ನಿ. ಅಲ್ಲಿಗೆ ನಿಲ್ಲಿಸಿ. ಪಟ್ಟಿಯ ಬಲ ತುದಿಯಲ್ಲಿ ಹಸಿರು ಸ್ವಲ್ಪ ತಿಳಿಯಾಗಿ ಕಾಣಬಹುದು, ಏಕೆಂದರೆ ಬೆಳಕು ಹೆಚ್ಚಿರುವ ಎಡಗಡೆಯಿಂದ ಅದನ್ನು ತಂದದ್ದು. ಅದನ್ನು ತಗ್ಗಿಸಲು ಬಲ ಅರ್ಧವನ್ನು ಕಲೆಯ ಬಲಗಡೆಯ ಬಟ್ಟೆಯಿಂದ ತನ್ನಿ. ಎರಡೂ ಕಡೆಯಿಂದ ಬಂದು ನಡುವೆ ಕೂಡಿದರೆ ವ್ಯತ್ಯಾಸ ಹಂಚಿಹೋಗುತ್ತದೆ. ಈ ಪಟ್ಟಿಯೇ ಮುಂದಿನ ಹಂತಕ್ಕೆ ಬೇಕಾದ ಸ್ವಚ್ಛ ಅಂಚು.

ಹಂತ 5: ಒಡಲಿನಲ್ಲಿ ಹೀಲಿಂಗ್ ಬ್ರಷ್, ಒಂದೇ ಸ್ಪರ್ಶದಲ್ಲಿ

ಮೊದಲು ಲ್ಯಾಸೋ ಅಥವಾ ಪೆನ್ ಸಾಧನದಿಂದ ಆಯ್ಕೆಯೊಂದನ್ನು ರಚಿಸಿ. ಅದು ಕಲೆಗಿಂತ ದೊಡ್ಡದಾಗಿರಬೇಕು, ಆದರೆ ಕೆಳಗಡೆ ದಡಿಯ ಅಂಚನ್ನು ನಿಖರವಾಗಿ ಅನುಸರಿಸಿ, ಒಂದು ಪಿಕ್ಸೆಲ್ ಕೆಂಪೂ ಒಳಬಾರದಂತೆ ಹಸಿರಿನಲ್ಲಿಯೇ ನಿಲ್ಲಬೇಕು. ಇಂತಹ ಆಯ್ಕೆ ಇದ್ದಾಗ ಹೀಲಿಂಗ್ ಬ್ರಷ್ ಹೊರಗಿನ ಬಣ್ಣವನ್ನು ಒಳಕ್ಕೆ ಎಳೆಯುವುದಿಲ್ಲ.

J ಒತ್ತಿ. ಅದೇ ಗುಂಡಿಯ ಹಿಂದೆ ಹಲವು ಸಾಧನಗಳಿರುವುದರಿಂದ ಬಂದದ್ದು ಸ್ಪಾಟ್ ಹೀಲಿಂಗ್ ಅಲ್ಲ, ಹೀಲಿಂಗ್ ಬ್ರಷ್ಷೇ ಎಂದು ಖಚಿತಪಡಿಸಿಕೊಳ್ಳಿ. ಕಲೆ 210 ಪಿಕ್ಸೆಲ್ ಅಗಲ. ಅದರ ಸುತ್ತ ಸುಮಾರು ಒಂದು ಚೌಕದಷ್ಟು ಒಳ್ಳೆಯ ಬಟ್ಟೆಯೂ ಬ್ರಷ್‌ನೊಳಗೆ ಬರಬೇಕು, ಆಗಲೇ ಅಂಚು ಕಲೆಯಿಂದ ದೂರ ಬೀಳುತ್ತದೆ. ಆದ್ದರಿಂದ ಬ್ರಷ್ ಗಾತ್ರ 280 ಇರಲಿ.

ಈಗ ಮೂಲ ಎಷ್ಟು ದೂರವಿರಬೇಕು? ಆರು ಚೌಕ ಸರಿದರೆ 228 ಪಿಕ್ಸೆಲ್. ಆದರೆ ಬ್ರಷ್‌ನ ಅರ್ಧ 140, ಕಲೆಯ ಅರ್ಧ 105, ಒಟ್ಟು 245. 228 ಸಾಲದು, ಮೂಲದ ವೃತ್ತದೊಳಕ್ಕೆ ಕಲೆಯ ತುದಿ ಬಂದುಬಿಡುತ್ತದೆ. ಏಳು ಚೌಕ ಸರಿದರೆ 266, ಅದು ಸಾಕು. ಕಲೆಯ ನಡುವಿನಿಂದ ಏಳು ಚೌಕ ಎಡಕ್ಕೆ, ಎರಡು ಗೆರೆಗಳು ಒಂದನ್ನೊಂದು ದಾಟುವ ಬಿಂದುವಿನಲ್ಲಿ Alt ಕ್ಲಿಕ್ ಮಾಡಿ. ಕಲೆಯ ನಡುವೆ ಗೆರೆಗಳು ಕಾಣದಿರುವುದರಿಂದ, ಮೇಲೆ ಕೆಳಗೆ ಮತ್ತು ಅಕ್ಕಪಕ್ಕದಲ್ಲಿ ಕಾಣುವ ಗೆರೆಗಳನ್ನು ಗೈಡ್‌ಗಳಿಂದ ಮುಂದುವರಿಸಿ ಅವು ಕೂಡುವ ಬಿಂದುವನ್ನು ಗುರುತಿಸಿಕೊಂಡರೆ ಊಹೆ ಮಾಡಬೇಕಾಗುವುದಿಲ್ಲ. ಗೆರೆಗಳು ಓರೆಯಾಗಿದ್ದರೆ ಗೈಡ್ ಬದಲು ತಾತ್ಕಾಲಿಕ ಪದರದ ಮೇಲೆ ತೆಳುವಾದ ನೇರ ಗೆರೆಗಳನ್ನು ಎಳೆದುಕೊಳ್ಳಿ, ಬ್ರಷ್ ಇಡುವ ಮುನ್ನ ಆ ಪದರವನ್ನು ಮರೆಮಾಡಿ.

ಆ ಬಿಂದುವಿನ ಮೇಲೆ ಬ್ರಷ್ ಇಟ್ಟು ಒಂದೇ ಸಲ ಒತ್ತಿ, ಬಿಡಿ. ಎಡದಿಂದ ತಂದ ತಿಳಿಹಸಿರಿನ ಬಣ್ಣ ಇಳಿದು ಸುತ್ತಲಿನ ಗಾಢತೆಗೆ ಹೊಂದಿಕೊಳ್ಳುತ್ತದೆ. ಎಡದಲ್ಲಿ ಬೆಳಕು, ಬಲದಲ್ಲಿ ನೆರಳು ಎಂಬ ಇಳಿಜಾರು ತಾನಾಗಿಯೇ ಒಳಗೆ ಮೂಡುತ್ತದೆ. ಇದೇ ಕೆಲಸವನ್ನು ಕ್ಲೋನ್ ಸ್ಟ್ಯಾಂಪ್‌ನಿಂದ ಮಾಡಲು ಹೊರಟಿದ್ದರೆ ಮೂಲವನ್ನು ಹತ್ತಾರು ಸಲ ಬದಲಿಸಬೇಕಾಗುತ್ತಿತ್ತು.

ಕೆಲವು ಅಂಚುಗಳಲ್ಲಿ ಹೊಂದಿಕೆ ಇನ್ನೂ ಸಾಲದೆನಿಸಿದರೆ ಮೇಲ್ಪಟ್ಟಿಯ Diffusion ಮೌಲ್ಯವನ್ನು ನೋಡಿ. ಅದು 1ರಿಂದ 7ರವರೆಗೆ ಇರುತ್ತದೆ. ಸಣ್ಣ ವಿವರ ದಟ್ಟವಾಗಿರುವ ನೇಯ್ಗೆಗೆ ಕಡಿಮೆ ಮೌಲ್ಯ, ನುಣುಪಾದ ಬಟ್ಟೆಗೆ ಹೆಚ್ಚಿನ ಮೌಲ್ಯ ಒಗ್ಗುತ್ತದೆ. ಇಳಕಲ್ ಚೌಕಡಿಗೆ 2 ಅಥವಾ 3ರಿಂದ ಶುರುಮಾಡಬಹುದು.

ಏನು ತಪ್ಪಿದೆಯೆಂದು ತಿಳಿಯುವುದು ಹೇಗೆ

ಹೀಲಿಂಗ್ ಆದ ಭಾಗದ ಕೆಳಗಡೆ ಹಸಿರಿನಲ್ಲಿ ಕೆಂಪು ಮಬ್ಬು ಕಂಡರೆ ಆಯ್ಕೆ ದಡಿಯನ್ನು ಮುಟ್ಟಿದೆ. ಹಿಂದಕ್ಕೆ ಹೋಗಿ, Select → Modify → Contract ಮೂಲಕ ಆಯ್ಕೆಯನ್ನು ಎರಡು ಪಿಕ್ಸೆಲ್ ಒಳಕ್ಕೆ ತಂದು ಮತ್ತೆ ಒತ್ತಿ. ಒಂದು ಪಕ್ಕದಿಂದ ಕಂದು ಬಣ್ಣದ ಹೊಗೆ ಒಳಕ್ಕೆ ಹಬ್ಬಿದಂತಿದ್ದರೆ ಬ್ರಷ್‌ನ ಅಂಚು ಆ ಪಕ್ಕದಲ್ಲಿ ಕಲೆಯ ಮೇಲೆ ಬಿದ್ದಿದೆ. ಎಣ್ಣೆಯಿರುವ ಕಲೆಗಳ ಹೊರಗೆ ಕಣ್ಣಿಗೆ ಸುಲಭವಾಗಿ ಕಾಣದ ತೆಳುವಾದ ಜಿಡ್ಡಿನ ಉಂಗುರವಿರುತ್ತದೆ, ಹೆಚ್ಚಾಗಿ ಅದೇ ಈ ತೊಂದರೆಗೆ ಕಾರಣ. ಮೇಲೊಂದು ತಾತ್ಕಾಲಿಕ Curves ಪದರ ಇಟ್ಟು ಕಾಂಟ್ರಾಸ್ಟ್ ಬಹಳ ಹೆಚ್ಚಿಸಿದರೆ ಉಂಗುರದ ನಿಜವಾದ ಗಡಿ ಕಾಣುತ್ತದೆ. Current & Below ಮೇಲಿನ ಪದರವನ್ನು ಓದುವುದಿಲ್ಲವಾದ್ದರಿಂದ ಆ ಪದರ ಇದ್ದಾಗಲೂ ಕೆಲಸ ಮುಂದುವರಿಸಬಹುದು.

ಗೆರೆಗಳು ಅಂಚಿನಲ್ಲಿ ಮುರಿದಂತೆ ಕಂಡರೆ ಅಳತೆ ತಪ್ಪಿದೆ. ಎಡ ಅಂಚಿನಲ್ಲಿ ಕೂಡಿ ಬಲ ಅಂಚಿನಲ್ಲಿ ಮಾತ್ರ ಮುರಿದಿದ್ದರೆ ಮೂಲದ ಚೌಕ ಗುರಿಯ ಚೌಕಕ್ಕಿಂತ ದೊಡ್ಡದೋ ಚಿಕ್ಕದೋ ಇದೆ. ಆಗ Clone Source ಫಲಕದಲ್ಲಿ W ಮತ್ತು H ಮೌಲ್ಯಗಳನ್ನು ಒಂದೆರಡು ಪ್ರತಿಶತ ಬದಲಿಸಿ ನೋಡಿ. ಆ ಫಲಕ ಹೀಲಿಂಗ್ ಬ್ರಷ್‌ಗೂ ಅನ್ವಯಿಸುತ್ತದೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಕೊನೆಯ ಪರೀಕ್ಷೆ ಕೈಮಗ್ಗದ ಬಟ್ಟೆಗೇ ವಿಶೇಷವಾದದ್ದು. ಅಲ್ಲಲ್ಲಿ ನೂಲು ದಪ್ಪವಾಗಿರುವುದು, ಗಂಟು ಬಿದ್ದಿರುವುದು ಸಹಜ. ನಿಮ್ಮ ಮೂಲ ಜಾಗದಲ್ಲಿ ಅಂತಹ ಒಂದು ದಪ್ಪ ಎಳೆ ಇದ್ದರೆ ಅದು 266 ಪಿಕ್ಸೆಲ್ ಪಕ್ಕದಲ್ಲಿ ಇನ್ನೊಮ್ಮೆ, ಅದೇ ಆಕಾರದಲ್ಲಿ ಕಾಣುತ್ತದೆ. ಯಾವ ಮಗ್ಗವೂ ಒಂದೇ ಗಂಟನ್ನು ಎರಡು ಸಲ ಹಾಕುವುದಿಲ್ಲ. ನಕಲಿನ ಗಂಟನ್ನು ಬೇರೊಂದು ಚೌಕದಿಂದ ತಂದ ಒಂದು ಸಣ್ಣ ಕ್ಲೋನ್‌ನಿಂದ ಮುಚ್ಚಿ, ಮೂಲದ ಗಂಟನ್ನು ಹಾಗೆಯೇ ಬಿಡಿ.

ನೆರಿಗೆ, ಸೆರಗು ಮತ್ತು ಬೇರೆ ಸೀರೆಗಳು

ಕಲೆ ನೆರಿಗೆಗಳ ಮೇಲಿದ್ದರೆ ಲೆಕ್ಕ ಬದಲಾಗುತ್ತದೆ. ಪ್ರತಿ ನೆರಿಗೆಯ ಒಂದು ಮಗ್ಗುಲಲ್ಲಿ ಬೆಳಕು, ಇನ್ನೊಂದರಲ್ಲಿ ಗಾಢ ನೆರಳು ಇರುತ್ತದೆ, ನಡುವಿನ ಪಟ್ಟಿ ಕೆಲವೇ ಚೌಕಗಳಷ್ಟು ಅಗಲ. ಹೀಲಿಂಗ್ ಬ್ರಷ್‌ಗೆ ಬೇಕಾದ ಸಮನಾದ ಅಂಚು ಅಲ್ಲಿ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಒಂದೊಂದು ನೆರಿಗೆಯನ್ನೂ ಪ್ರತ್ಯೇಕವಾಗಿ ಆಯ್ಕೆ ಮಾಡಿ, ಅದೇ ನೆರಿಗೆಯ ಮೇಲೆ ಅಥವಾ ಕೆಳಗೆ ಇರುವ ಭಾಗದಿಂದ ಕ್ಲೋನ್ ಮಾಡಬೇಕು. ನೆರಿಗೆ ಕೆಳಗೆ ಹೋದಂತೆ ಬಾಗಿದರೆ Clone Source ಫಲಕದ ಕೋನವನ್ನು ಎರಡು ಮೂರು ಡಿಗ್ರಿ ತಿರುಗಿಸಿ ಗೆರೆಗಳನ್ನು ಹೊಂದಿಸಿಕೊಳ್ಳಿ. ಇದು ತಾಳ್ಮೆ ಬೇಡುವ ಕೆಲಸ, ಇಲ್ಲಿ ಹತ್ತಿರದ ದಾರಿ ಇಲ್ಲ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದರಿಂದ, ಬಣ್ಣ ಒಮ್ಮೆಲೇ ಬದಲಾಗುವ ಗೆರೆಯೊಂದು ಅಲ್ಲಿಯೂ ಇರುತ್ತದೆ. ಕಲೆ ಆ ಗೆರೆಯನ್ನು ದಾಟಿದ್ದರೆ ದಡಿಗೆ ಮಾಡಿದ ಹಾಗೆಯೇ ಮಾಡಿ: ಗೆರೆಯ ಮೇಲೆ ಕ್ಲೋನ್, ಎರಡೂ ಬದಿಗಳಲ್ಲಿ ಬೇರೆ ಬೇರೆ ಆಯ್ಕೆಯೊಳಗೆ ಹೀಲಿಂಗ್. ವಿನ್ಯಾಸವಿಲ್ಲದ ಒಡಲಿನ ಮೈಸೂರು ರೇಷ್ಮೆಗಾದರೆ ಒಡಲಿನಲ್ಲಿ ಅಳತೆಯ ಕೆಲಸವೇ ಇಲ್ಲ, ಹೀಲಿಂಗ್ ಬ್ರಷ್ ಒಂದೇ ಸಾಕು. ಜರಿ ಅಂಚಿನ ಬಳಿ ಮಾತ್ರ ಮತ್ತೆ ಆಯ್ಕೆ ಮತ್ತು ಕ್ಲೋನ್ ಬೇಕಾಗುತ್ತವೆ.

ಫೋಟೋಶಾಪ್ ಇಲ್ಲದವರು ಉಚಿತವಾಗಿ ಸಿಗುವ GIMP ಬಳಸಬಹುದು. ಅಲ್ಲಿ ಕ್ಲೋನ್‌ಗೆ C, ಹೀಲ್‌ಗೆ H, ಮೂಲ ತೋರಿಸಲು Ctrl ಕ್ಲಿಕ್, Alignment ಎಂಬಲ್ಲಿ Aligned. ಹೀಲ್ ಸಾಧನವನ್ನು ಖಾಲಿ ಪದರದ ಮೇಲೆ ಬಳಸದೆ, ಕ್ಲೋನ್ ಕೆಲಸ ಮುಗಿದ ಮೇಲೆ Layer → New from Visible ಮೂಲಕ ಹೊಸ ಪದರ ಮಾಡಿಕೊಂಡು ಅದರ ಮೇಲೆ ಬಳಸಿ.